ಮುಖಲೇಪದ ಡಬ್ಬಿಗೆ ಜವಾಬುದಾರರು ಯಾರು?

ಮನೆಬಾಗಿಲಿಗೆ ಬಂದು ಸರಕು ಮಾರುವ ವ್ಯಾಪಾರವು ನಮ್ಮ ನಾಡಿಗೆ ನೂತನವಾದುದೇನೂ ಅಲ್ಲ. ಮಲಾರವನ್ನು ಹೆಗಲಿಗೇರಿಸಿಕೊಂಡು ಕೇರಿಕೇರಿಗೆ ಬರುತ್ತಿದ್ದ ಬಳೆಗಾರನು ತಾನು ತೊಡಿಸಿದ ಬಳೆ ಬೇಗನೆ ಒಡೆದುಹೋದರೆ ಮುಂದಿನ ಹಬ್ಬದಲ್ಲಿ ಅದೇ ಜಗಲಿಯ ಮೇಲೆ ಕುಳಿತು ಅದೇ ಗೃಹಿಣಿಯ ಮಾತನ್ನು ಕೇಳಬೇಕಾಗಿತ್ತಾದ ಕಾರಣ, ಅವನ ಸರಕಿಗೆ ಬೇರೊಂದು ಸಾಕ್ಷಿ ಬೇಕಾಗಿರಲಿಲ್ಲ. ಅವನ ಮುಖವೇ ಸಾಕ್ಷಿ. ಇಂದು ಚೀಲದ ತುಂಬ ಕ್ರೀಮು, ತುಟಿರಂಗು, ಕೂದಲಬಣ್ಣದ ಪೊಟ್ಟಣಗಳನ್ನು ತುಂಬಿಕೊಂಡು ಬಸ್ಸಿನಿಂದಿಳಿದು ಬರುವ ಮಾರಾಟಗಾರನೋ ಮಾರಾಟಗಾರ್ತಿಯೋ ಮುಂದಿನ ವಾರ ಯಾವ ಊರಿನಲ್ಲಿರುವರೆಂಬುದನ್ನು ಅವರೇ ಅರಿಯರು. ಅವರಲ್ಲಿ ಬಹುಮಂದಿ ದುಡಿದು ತಿನ್ನುವ ಸಜ್ಜನರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸೌಂದರ್ಯವರ್ಧಕಗಳನ್ನು ಮಾರುವುದಕ್ಕೆ ಔಷಧದಂಗಡಿಗಿರುವಂತಹ ಪ್ರತ್ಯೇಕ ಪರವಾನಗಿಯನ್ನು ನಮ್ಮ ಕಾನೂನು ಕೇಳುವುದೂ ಇಲ್ಲವಾದ್ದರಿಂದ, ಮನೆಮನೆಗೆ ತಿರುಗಿ ಮಾರುವುದೇ ಅಪರಾಧವೆಂದು ಯಾರೂ ಭಾವಿಸಬಾರದು. ಆದರೆ ಮಾರಿದವರು ಹೊರಟುಹೋದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಡಬ್ಬಿ ಮತ್ತು ಅದರ ಮೇಲಿನ ಅಂಗೈಯಗಲದ ಅಕ್ಷರಪಟ್ಟಿ ಮಾತ್ರ. ಸ್ತ್ರೀಶಕ್ತಿ ಸಂಘವೊಂದರ ವಾರದ ಸಭೆಯಲ್ಲಿ, ಉಳಿತಾಯದ ಹಣವನ್ನು ಎಣಿಸಿ ಪುಸ್ತಕಕ್ಕೆ ಬರೆದು ಮುಗಿಸಿದ ಅನಂತರ, ಆ ಪಟ್ಟಿಯನ್ನು ಓದುವ ಬಗೆಯನ್ನು ಕುರಿತು ನಾನು ಆಡಿದ ಮಾತುಗಳನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಚೀಲದಲ್ಲಿ ಬರುವ ಪದಾರ್ಥಗಳು ಹತ್ತು ಹಲವು. ಅವೆಲ್ಲವನ್ನೂ ಒಂದೇ ಸಭೆಯಲ್ಲಿ ಹರಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ನಾನು ಆಯ್ದುಕೊಂಡುದು ಮುಖವನ್ನು ಬೆಳ್ಳಗೆ ಮಾಡುವುದೆಂದು ಹೇಳಿ ಮಾರುವ ಕ್ರೀಮಿನ ಸಣ್ಣ ಡಬ್ಬಿಯನ್ನು. ಅದನ್ನೇ ಆಯ್ದುದಕ್ಕೆ ಕಾರಣ ಕೇರಳದ ಮಲಪ್ಪುರಂ ಜಿಲ್ಲೆಯಿಂದ ಬಂದ ಒಂದು ವರದಿ. ಆ ಜಿಲ್ಲೆಯ ಕೋಟ್ಟಕ್ಕಲ್ ಪಟ್ಟಣದ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು 2021ರ ಜುಲೈ ತಿಂಗಳಿನಿಂದ 2023ರ ಸೆಪ್ಟೆಂಬರ್‌ವರೆಗೆ ತಮ್ಮಲ್ಲಿಗೆ ಬಂದ, ಒಂದೇ ಬಗೆಯ ಮೂತ್ರಪಿಂಡ ರೋಗವುಳ್ಳ 22 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯ ರೋಗವು ಸಾಮಾನ್ಯವಾಗಿ ವಿರಳವೆನಿಸುವ ಒಂದು ಪ್ರಭೇದಕ್ಕೆ ಸೇರಿತ್ತು. ಆ ಹದಿನೈವರಲ್ಲಿ 13 ಮಂದಿ ರೋಗ ತೋರುವ ಮುನ್ನ ಬಿಳುಪಿನ ಕ್ರೀಮುಗಳನ್ನು ಬಳಸುತ್ತಿದ್ದರೆಂಬುದು ವಿಚಾರಿಸಿದಾಗ ತಿಳಿದುಬಂದಿತು. ಕ್ರೀಮನ್ನು ನಿಲ್ಲಿಸಿದೊಡನೆ ಬಹುಮಂದಿಯ ಸ್ಥಿತಿ ಸುಧಾರಿಸಿತೆಂಬುದು ಈ ವೃತ್ತಾಂತದಲ್ಲಿ ಸಮಾಧಾನದ ಅಂಶ. ದೋಷವು ಪಾದರಸದ್ದೆಂದು ವೈದ್ಯರು ನಿರ್ಣಯಿಸಿ 'ಕಿಡ್ನಿ ಇಂಟರ್‌ನ್ಯಾಷನಲ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಕೇರಳ ಸರ್ಕಾರದ ಔಷಧ ನಿಯಂತ್ರಣ ಇಲಾಖೆಯೂ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳನ್ನು ಶೋಧಿಸತೊಡಗಿತು.

ಪಾದರಸಕ್ಕೂ ಮುಖದ ಬಿಳುಪಿಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಚರ್ಮಕ್ಕೆ ಬಣ್ಣವನ್ನು ಕೊಡತಕ್ಕ ಮೆಲನಿನ್ ಎಂಬ ದ್ರವ್ಯವು ಚರ್ಮದ ಜೀವಕೋಶಗಳಲ್ಲಿ ಟೈರೊಸಿನೇಸ್ ಎಂಬ ಕಿಣ್ವದ ನೆರವಿನಿಂದ ಸಿದ್ಧವಾಗುತ್ತದೆ. ಆ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರದ ಅಂಶ ಅತ್ಯವಶ್ಯ. ಪಾದರಸದ ಲವಣವು ಆ ತಾಮ್ರದ ಸ್ಥಾನವನ್ನು ಆಕ್ರಮಿಸಿ ಕಿಣ್ವವನ್ನು ನಿಶ್ಚೇಷ್ಟಗೊಳಿಸುವುದರಿಂದ ಬಣ್ಣದ ಉತ್ಪತ್ತಿ ಕುಗ್ಗಿ, ಕೆಲವೇ ದಿನಗಳಲ್ಲಿ ಮುಖವು ನಿಜವಾಗಿಯೂ ತಿಳಿಯಾಗಿ ಕಾಣುತ್ತದೆ. ಈ ಕ್ರೀಮುಗಳ ವಂಚನೆ ಇತರ ವಂಚನೆಗಳಿಗಿಂತ ಕುಟಿಲವಾಗಿರುವುದು ಇಲ್ಲಿಯೇ: ಮಾರಿದವನು ಹೇಳಿದ ಮಾತು ಕೆಲವು ವಾರಗಳ ಕಾಲ ಸತ್ಯವಾಗಿ ನಿಲ್ಲುತ್ತದೆ, ನೆರೆಮನೆಯಾಕೆ ನೋಡಿ ತನಗೂ ಒಂದು ಡಬ್ಬಿ ಬೇಕೆನ್ನುತ್ತಾಳೆ. ಅಷ್ಟರಲ್ಲಿ ಚರ್ಮದ ಮೂಲಕ ಒಳಹೊಕ್ಕ ಪಾದರಸವು ರಕ್ತದೊಡನೆ ಹರಿದು ಮೂತ್ರಪಿಂಡದಲ್ಲಿ ಸಂಚಯವಾಗುತ್ತಿರುತ್ತದೆ. ರಕ್ತವನ್ನು ಸೋಸುವ ಅಲ್ಲಿಯ ಸೂಕ್ಷ್ಮವಾದ ಪೊರೆಗಳು ಕೆಟ್ಟಾಗ ದೇಹದಲ್ಲಿಯೇ ಉಳಿಯಬೇಕಾದ ಪ್ರೋಟೀನು ಮೂತ್ರದೊಡನೆ ಹೊರಬೀಳತೊಡಗುವುದರಿಂದ, ಮೂತ್ರದಲ್ಲಿ ನೊರೆ ನಿಲ್ಲುವುದು, ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿರುವುದು, ಸಂಜೆಯ ಹೊತ್ತಿಗೆ ಪಾದಗಳು ಬಾತು ಚಪ್ಪಲಿಯ ಪಟ್ಟಿಯ ಗುರುತು ಕಾಲಿನ ಮೇಲೆ ಮೂಡುವುದು ಮೊದಲಾದ ಲಕ್ಷಣಗಳು ತೋರುತ್ತವೆ. ಕೈನಡುಕ, ನಿದ್ರಾನಾಶ, ಅಕಾರಣವಾದ ಸಿಡುಕು ಇವೂ ಪಾದರಸದಿಂದ ಬರಬಹುದು. ಆದರೆ ಇವುಗಳಿಗೆ ಸಂಸಾರದಲ್ಲಿ ಬೇರೆ ಕಾರಣಗಳು ಧಾರಾಳವಾಗಿರುವುದರಿಂದ ಯಾರೂ ಕ್ರೀಮನ್ನು ಶಂಕಿಸುವುದಿಲ್ಲ. ಹಚ್ಚಿಕೊಂಡವಳೊಬ್ಬಳಿಗೇ ಅಪಾಯವೆಂದೂ ತಿಳಿಯಬಾರದು. ಪಾದರಸವು ಆವಿಯಾಗುವ ಸ್ವಭಾವದ್ದು. ತಾಯಿಯ ಕೆನ್ನೆಗೆ ಕೆನ್ನೆಯಿಡುವ ಮಗುವಿಗೂ, ಅದೇ ದಿಂಬು ಟವೆಲ್ಲುಗಳನ್ನು ಬಳಸುವ ಮನೆಯವರಿಗೂ ಅದರ ಪಾಲು ಸಲ್ಲುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿಲ್ಲವೇ ಎಂದರೆ, ಉಂಟು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಅಧಿನಿಯಮದ ಆಶ್ರಯದಲ್ಲಿ 2020ರಲ್ಲಿ ಸೌಂದರ್ಯವರ್ಧಕಗಳಿಗೆಂದೇ ಪ್ರತ್ಯೇಕವಾದ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಉದ್ದೇಶಪೂರ್ವಕವಾಗಿ ಪಾದರಸವನ್ನು ಬೆರೆಸುವಂತೆಯೇ ಇಲ್ಲ. ಉದ್ದೇಶವಿಲ್ಲದೆ ಕಚ್ಚಾಪದಾರ್ಥಗಳೊಡನೆ ಸೇರಿಬಂದರೂ ಅದು ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲನ್ನು ಮೀರಕೂಡದು. ಇಪ್ಪತ್ತು ಗ್ರಾಮಿನ ಡಬ್ಬಿಗೆ ಈ ಲೆಕ್ಕವನ್ನು ಅನ್ವಯಿಸಿದರೆ, ಒಂದು ಮಿಲಿಗ್ರಾಮಿನ ಐವತ್ತನೆಯ ಒಂದು ಪಾಲಾಯಿತು. ಬರಿಗಣ್ಣಿಗೆ ಕಾಣುವಷ್ಟೂ ಅಲ್ಲ. ಆದರೆ ನಾನಾ ದೇಶಗಳಲ್ಲಿ ಪರೀಕ್ಷೆಗೊಳಗಾದ ಬಿಳುಪಿನ ಕ್ರೀಮುಗಳಲ್ಲಿ ಶೇಕಡಾ ಒಂದಕ್ಕೂ ಮಿಕ್ಕ ಪಾದರಸ ಕಂಡುಬಂದಿರುವುದುಂಟು. ಶೇಕಡಾ ಒಂದು ಎಂದರೆ ಅದೇ ಡಬ್ಬಿಯಲ್ಲಿ ಇನ್ನೂರು ಮಿಲಿಗ್ರಾಮು, ಅರ್ಥಾತ್ ಮಿತಿಯ ಹತ್ತು ಸಾವಿರ ಪಟ್ಟು. ಪಾದರಸವನ್ನು ಕುರಿತು 2013ರಲ್ಲಿ ಏರ್ಪಟ್ಟ ಮಿನಮಾಟಾ ಒಪ್ಪಂದಕ್ಕೆ ಭಾರತವು 2018ರಲ್ಲಿ ಅಂಗೀಕಾರ ಕೊಟ್ಟಿದೆ. ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸಭೆ ಸೇರಿ, ಪಾದರಸ ಬೆರೆಸಿದ ಸೌಂದರ್ಯವರ್ಧಕವು ಎಷ್ಟು ಅಲ್ಪ ಪ್ರಮಾಣದ್ದಾದರೂ 2025ರ ಅನಂತರ ಇರಕೂಡದೆಂದು ನಿಶ್ಚಯಿಸಿದವು. ಆದಾಗ್ಯೂ ಸರಕು ಗಡಿ ದಾಟಿ ಬರುತ್ತದೆ, ಚೀಲ ಸೇರುತ್ತದೆ, ಜಗಲಿಗೆ ತಲಪುತ್ತದೆ.

ಈಗ ಡಬ್ಬಿಯ ಮೇಲಿನ ಬರಹಕ್ಕೆ ಬರೋಣ. ಸಭೆಯಲ್ಲಿ ನಾನು ಇಷ್ಟು ಹೇಳುವಷ್ಟರಲ್ಲಿ ಹಿಂದೆ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು, "ಅಲ್ಲಮ್ಮಾ, ವಿಷ ಹಾಕಿದವನು ವಿಷ ಹಾಕಿದ್ದೇನೆ ಅಂತ ಬರೀತಾನೇನು? ಓದಿ ಏನು ಪ್ರಯೋಜನ?" ಎಂದು ಕೇಳಿದರು. ಆ ಒಂದು ಪ್ರಶ್ನೆಯು ನನ್ನ ಅರ್ಧ ಉಪನ್ಯಾಸಕ್ಕಿಂತ ತೂಕವುಳ್ಳದ್ದಾಗಿತ್ತು. ಆಕೆ ಹೇಳಿದುದು ನಿಜ: ಪಾದರಸದ ಕ್ರೀಮಿನ ಮೇಲೆ ಪಾದರಸವೆಂದು ಬರೆದಿರುವುದು ತೀರ ಅಪರೂಪ. ಬರೆದಿದ್ದರೂ 'ಕ್ಯಾಲೊಮೆಲ್', 'ಮರ್ಕ್ಯುರಸ್ ಕ್ಲೋರೈಡ್', 'ಅಮೋನಿಯೇಟೆಡ್ ಮರ್ಕ್ಯುರಿ', 'ಮರ್ಕ್ಯುರಿಕ್ ಅಯೊಡೈಡ್' ಎಂಬ ಹೆಸರುಗಳಲ್ಲಿ ಅಡಗಿರುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಡಬ್ಬಿಯನ್ನು ಕೆಳಗಿಡಬಹುದು. ಆದರೆ ಅಕ್ಷರಪಟ್ಟಿಯನ್ನು ನಾವು ಓದತಕ್ಕದ್ದು ಮುಖ್ಯವಾಗಿ ವಿಷದ ಹೆಸರನ್ನು ಹುಡುಕುವುದಕ್ಕಾಗಿ ಅಲ್ಲ. ಈ ಡಬ್ಬಿಯೊಳಗಿರುವುದಕ್ಕೆ ಜವಾಬು ಹೇಳಬೇಕಾದ ಮನುಷ್ಯನೊಬ್ಬನು ಈ ದೇಶದಲ್ಲಿ, ಒಂದು ವಿಳಾಸದಲ್ಲಿ, ಸರ್ಕಾರದ ದಫ್ತರದಲ್ಲಿ ದಾಖಲಾಗಿ ಇರುವನೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕಾಗಿ. ವಿಷವನ್ನು ಬೆರೆಸುವವನು ಪದಾರ್ಥದ ಹೆಸರನ್ನು ಮರೆಮಾಚಬಲ್ಲನು. ತನ್ನ ವಿಳಾಸವನ್ನು ಕೊಟ್ಟು ಮಾತ್ರ ಬೆರೆಸಲಾರನು.

ಈ ದೃಷ್ಟಿಯಿಂದ ನೋಡಿದರೆ ಹುಡುಕಬೇಕಾದ ಗುರುತುಗಳು ಸ್ವಲ್ಪವೇ. ಮೊದಲನೆಯದು ತಯಾರಕನ ಹೆಸರು ಮತ್ತು ವಿಳಾಸ. ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲೆಯೂ ಒಳಗಿನ ಡಬ್ಬಿಯ ಮೇಲೆಯೂ ಇದಿರಬೇಕು. ಡಬ್ಬಿ ತೀರ ಚಿಕ್ಕದಾದರೆ ಪೂರ್ಣ ವಿಳಾಸದ ಬದಲು ತಯಾರಾದ ಮುಖ್ಯ ಸ್ಥಳ ಮತ್ತು ಪಿನ್‌ಕೋಡು ಸಾಕೆಂದು ನಿಯಮವು ರಿಯಾಯಿತಿ ಕೊಟ್ಟಿದೆ. ಬರಿಯ 'ಮುಂಬಯಿ' ಅಥವಾ 'ದೆಹಲಿ' ಎಂದಷ್ಟೇ ಅಚ್ಚುಮಾಡಿದ್ದರೆ ಅದು ವಿಳಾಸವೆನಿಸದು. ಎರಡನೆಯದು ತಯಾರಿಕೆಯ ಪರವಾನಗಿಯ ಸಂಖ್ಯೆ. 'ಎಂ.ಎಲ್. ನಂಬರ್' ಎಂದೋ 'ಎಂಎಫ್‌ಜಿ. ಲೈಸೆನ್ಸ್ ನಂಬರ್' ಎಂದೋ ಅದರ ಹಿಂದೆ ಅಕ್ಷರಗಳಿರುತ್ತವೆ. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕೊಟ್ಟ ಸಂಖ್ಯೆ ಇದು. ವ್ಯಾಪಾರಿಗೆ ಸಿಕ್ಕುವ ಜಿ.ಎಸ್.ಟಿ. ಸಂಖ್ಯೆಯಾಗಲಿ, ಹೆಸರಿನ ಪಕ್ಕದಲ್ಲಿ ಬರುವ ಟ್ರೇಡ್‌ಮಾರ್ಕ್ ಗುರುತಾಗಲಿ, ಬೇರಾವುದೋ ಸಂಸ್ಥೆಯ ಪ್ರಮಾಣಪತ್ರದ ಮುದ್ರೆಯಾಗಲಿ ಇದಕ್ಕೆ ಬದಲಾಗಲಾರವು. ಇವುಗಳನ್ನು ತೋರಿಸಿ 'ಗವರ್ನಮೆಂಟ್ ಅಪ್ರೂವ್ಡ್ ಅಕ್ಕಾ' ಎನ್ನುವವರಿದ್ದಾರೆ. ಮೂರನೆಯದು ಬ್ಯಾಚ್ ಸಂಖ್ಯೆ. ತಯಾರಕನು ಒಂದೇ ಬಾರಿಗೆ ಕಲಸಿದ ಕ್ರೀಮಿಗೆಲ್ಲ ಒಂದೇ ಬ್ಯಾಚ್ ಸಂಖ್ಯೆ ಇರುವುದರಿಂದ, ಒಂದು ಡಬ್ಬಿ ಕೆಟ್ಟುದೆಂದು ಗೊತ್ತಾದರೆ ಆ ಕಲಸಿಕೆಯ ಸರಕನ್ನೆಲ್ಲ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆಸುವುದು ಸಾಧ್ಯವಾಗುತ್ತದೆ. ಸಂಖ್ಯೆಯಿಲ್ಲದ ಡಬ್ಬಿಯ ಹಿಂದೆ ಹೋಗಲು ಅಧಿಕಾರಿಗೂ ದಾರಿಯಿಲ್ಲ. ತಯಾರಾದ ತಿಂಗಳು, ಯಾವ ತಿಂಗಳೊಳಗೆ ಬಳಸಬೇಕೆಂಬ ಅವಧಿ, ತೂಕ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಬೆಲೆ ಇವುಗಳನ್ನು ನೋಡುವ ಅಭ್ಯಾಸ ನಿಮ್ಮಲ್ಲಿ ಬಹುಮಂದಿಗೆ ಇರುವುದಾದ್ದರಿಂದ ಅವನ್ನು ವಿವರಿಸುವ ಅಗತ್ಯವಿಲ್ಲ.

ಸರಕು ಪರದೇಶದ್ದಾದರೆ ಗುರುತು ಬೇರೆ. ಅಲ್ಲಿಯ ತಯಾರಕನಿಗೆ ನಮ್ಮ ರಾಜ್ಯಗಳ ಪರವಾನಗಿ ಇರುವುದಿಲ್ಲವಷ್ಟೆ. ಅದಕ್ಕೆ ಬದಲಾಗಿ ಕೇಂದ್ರದ ಅಧಿಕಾರಿಗಳು ಕೊಟ್ಟ ನೋಂದಣಿ ಪ್ರಮಾಣಪತ್ರದ ಸಂಖ್ಯೆಯು 'ಆರ್.ಸಿ. ನಂಬರ್' ಎಂಬ ಅಕ್ಷರಗಳೊಡನೆ ಇರಬೇಕು, ಮತ್ತು ಅದನ್ನು ಈ ದೇಶಕ್ಕೆ ತರಿಸಿದ ಆಮದುದಾರನ ಹೆಸರೂ ವಿಳಾಸವೂ ಇರಬೇಕು. 'ಫಾರಿನ್ ಮಾಲು' ಎಂಬುದನ್ನೇ ಹೆಚ್ಚುಗಾರಿಕೆಯೆಂದು ಹೇಳಿ ಮಾರುವಲ್ಲಿ ಈ ಎರಡು ಅಂಶಗಳನ್ನು ಮೊದಲು ಹುಡುಕತಕ್ಕದ್ದು.

ಕಿರಿಯ ಸದಸ್ಯೆಯೊಬ್ಬಳು ತನ್ನ ಕೈಚೀಲದಿಂದ ಒಂದು ಡಬ್ಬಿಯನ್ನು ತೆಗೆದು, "ಅಕ್ಕಾ, ಇದನ್ನ ನೋಡಿ ಹೇಳಿ" ಎಂದು ಮುಂದಿಟ್ಟಳು. ಇಪ್ಪತ್ತು ಗ್ರಾಮಿನ ಬಿಳಿಯ ಪ್ಲಾಸ್ಟಿಕ್ ಡಬ್ಬಿ. ಹೊರಗೆ ಹೊಳೆಯುವ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಒಂದೇ ಮುಖದ ಎರಡು ಚಿತ್ರ, ಒಂದು ಕಪ್ಪು, ಮತ್ತೊಂದು ಸುಣ್ಣದ ಬಿಳುಪು. ನಾವು ಅದನ್ನು ಕೈಯಿಂದ ಕೈಗೆ ದಾಟಿಸಿ ಒಬ್ಬರಾದ ಮೇಲೊಬ್ಬರು ಓದಿದೆವು. ಪರದೇಶದಲ್ಲಿ ತಯಾರಾದುದೆಂದು ಬರೆದಿತ್ತು. ಆಮದುದಾರನ ಹೆಸರಿರಲಿಲ್ಲ, ಆರ್.ಸಿ. ಸಂಖ್ಯೆಯೂ ಇರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಬ್ಯಾಚ್ ಸಂಖ್ಯೆಯಿತ್ತು, ಡಬ್ಬಿಯ ತಳದಲ್ಲಿ ಬೇರೊಂದು. ಬಳಸಬೇಕಾದ ಅವಧಿಯನ್ನು ಚಿಕ್ಕ ಚೀಟಿಯಲ್ಲಿ ಅಚ್ಚುಮಾಡಿ ಅಂಟಿಸಲಾಗಿತ್ತು. ಉಗುರಿನಿಂದ ಎಬ್ಬಿದಾಗ ಕೆಳಗೆ ಮತ್ತೊಂದು ತಾರೀಖು ಕಾಣಿಸಿತು, ಅದು ಎಂದೋ ಮುಗಿದುಹೋಗಿತ್ತು. ಇಷ್ಟರಿಂದಲೇ ತೀರ್ಪು ಹೇಳಬಹುದಾಗಿತ್ತಾದರೂ ಇನ್ನೆರಡು ಸಂಗತಿಗಳು ಗಮನಾರ್ಹವಾಗಿದ್ದವು.

ಪದಾರ್ಥಗಳ ಪಟ್ಟಿ ಎಲ್ಲಿಯೂ ಇರಲಿಲ್ಲ. ಇದೇ ದೊಡ್ಡ ಅಪರಾಧವೆಂದು ಸಭೆಯಲ್ಲಿ ಕೆಲವರು ಹೇಳಿದರು. ಆದರೆ ಇಲ್ಲಿ ನಿಯಮದಲ್ಲಿ ಒಂದು ಸಂದು ಇದೆ. ಶೇಕಡಾ ಒಂದಕ್ಕಿಂತ ಹೆಚ್ಚಾಗಿರುವ ಪದಾರ್ಥಗಳನ್ನು ಅವುಗಳ ಪ್ರಮಾಣದ ಇಳಿಕೆಯ ಕ್ರಮದಲ್ಲಿಯೂ, ಉಳಿದುವನ್ನು ಅವುಗಳ ಅನಂತರವೂ ಬರೆಯಬೇಕೆಂದು ವಿಧಿಸಿರುವ ನಿಯಮವೇ, ಮೂವತ್ತು ಗ್ರಾಮಿಗಿಂತ ಕಡಿಮೆ ತೂಕದ ಘನ ಅಥವಾ ಅರೆಘನ ವಸ್ತುಗಳ ಡಬ್ಬಿಗಳಿಗೂ ಅರವತ್ತು ಮಿಲಿಲೀಟರಿಗಿಂತ ಕಡಿಮೆಯಾದ ದ್ರವಗಳ ಸೀಸೆಗಳಿಗೂ ಈ ಪಟ್ಟಿಯಿಂದ ವಿನಾಯಿತಿಯನ್ನು ಕೊಟ್ಟಿದೆ. ಚೀಲದಲ್ಲಿ ಬರುವ ಡಬ್ಬಿಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಗ್ರಾಮಿನವು ಹೇರಳವಾಗಿರುವಾಗ, ಎಲ್ಲಿ ಪಟ್ಟಿಯ ಅಗತ್ಯ ಅತ್ಯಧಿಕವೋ ಅಲ್ಲಿಯೇ ಅದು ಐಚ್ಛಿಕವಾಗಿದೆಯೆಂಬುದು ನನ್ನ ಅಭಿಪ್ರಾಯದಲ್ಲಿ ನಿಯಮದ ದೌರ್ಬಲ್ಯ. ಹೀಗಿರುವುದರಿಂದ ಪಟ್ಟಿ ಇಲ್ಲವೆಂಬ ಕಾರಣದಿಂದಲೇ ಮಾರುವವರನ್ನು ಕಳ್ಳರೆನ್ನಲಾಗದು. ಆದರೆ ಏನಿದೆಯೆಂದು ತಿಳಿಯದ ವಸ್ತುವನ್ನು ಕೊಳ್ಳದಿರುವ ಸ್ವಾತಂತ್ರ್ಯ ಕೊಳ್ಳುವವಳಿಗೆ ಇದ್ದೇ ಇದೆ, ಅದಕ್ಕೆ ಯಾವ ನಿಯಮದ ಅನುಮತಿಯೂ ಬೇಡ.

ಎರಡನೆಯ ಸಂಗತಿಯನ್ನು ಕಂಡು ಸಭೆಯೆಲ್ಲ ನಕ್ಕಿತು. ಪೆಟ್ಟಿಗೆಯ ಒಂದು ಮಗ್ಗುಲಿನಲ್ಲಿ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ, ಕ್ರೀಮನ್ನು ಚಿನ್ನ, ಬೆಳ್ಳಿ, ಅಲ್ಯುಮಿನಿಯಂ ಹಾಗೂ ರಬ್ಬರ್ ವಸ್ತುಗಳಿಗೆ ತಗಲಿಸಬಾರದೆಂದು ಎಚ್ಚರಿಕೆ ಬರೆದಿತ್ತು. ಪಾದರಸ ತಗುಲಿದ ಚಿನ್ನವು ಬೆಳ್ಳಗಾಗುವುದೆಂದು ನಮ್ಮ ಅಕ್ಕಸಾಲಿಗರು ಚೆನ್ನಾಗಿ ಬಲ್ಲರು. ಪಾದರಸವು ಚಿನ್ನದೊಡನೆ ಬೆರೆತು ಮಿಶ್ರಲೋಹವಾಗುವುದೇ ಅದಕ್ಕೆ ಕಾರಣ. ಪದಾರ್ಥದ ಹೆಸರನ್ನು ಮುಚ್ಚಿಟ್ಟ ತಯಾರಕನು ಗಿರಾಕಿಯ ಒಡವೆ ಕೆಟ್ಟು ಜಗಳ ಬಂದೀತೆಂಬ ಭಯದಿಂದ ಈ ಎಚ್ಚರಿಕೆಯನ್ನು ಅಚ್ಚುಮಾಡಿಸಿದ್ದನು. ಪಾದರಸದ ಕ್ರೀಮುಗಳನ್ನು ಗುರುತಿಸುವ ಬಗೆಯನ್ನು ವಿವರಿಸುವ ಆರೋಗ್ಯಾಧಿಕಾರಿಗಳು ಬೇರೆ ದೇಶಗಳಲ್ಲಿಯೂ ಇದನ್ನೇ ಬಲವಾದ ಸೂಚನೆಯೆಂದು ಹೇಳುತ್ತಾರೆ. "ಕೊರಳಿನ ತಾಳಿಗೆ ತಾಗಬಾರದಂತೆ, ಕೆನ್ನೆಗೆ ಮಾತ್ರ ಬಳೀಬೇಕಂತೆ!" ಎಂದು ಮೊದಲು ಪ್ರಶ್ನೆ ಕೇಳಿದ ಹಿರಿಯರೇ ಉದ್ಗರಿಸಿದರು. ನಾನು ಅದಕ್ಕೆ ಮತ್ತೇನನ್ನೂ ಸೇರಿಸಬೇಕಾಗಿರಲಿಲ್ಲ.

ಆ ಡಬ್ಬಿಯಲ್ಲಿ ಪಾದರಸ ಇದ್ದೇ ಇತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅದನ್ನು ಹೇಳಬಲ್ಲುದು ಪ್ರಯೋಗಶಾಲೆಯೊಂದೇ. ಬಣ್ಣದಿಂದ, ವಾಸನೆಯಿಂದ, ನೀರಿಗೆ ಹಾಕಿ ನೋಡುವುದರಿಂದ ಪಾದರಸವನ್ನು ನಿಶ್ಚಯವಾಗಿ ಕಂಡುಹಿಡಿಯುವ ಮನೆಯ ಪರೀಕ್ಷೆ ಯಾವುದೂ ಇಲ್ಲ. ಕೆಲವು ಪಾದರಸದ ಕ್ರೀಮುಗಳು ಗಾಳಿ ಬೆಳಕಿಗೆ ಬೂದುಬಣ್ಣಕ್ಕೆ ತಿರುಗುವುದುಂಟು, ಆದರೆ ತಿರುಗದೆ ಉಳಿದ ಮಾತ್ರಕ್ಕೆ ಕ್ರೀಮು ನಿರ್ದೋಷಿಯೆಂದು ತಿಳಿಯುವಂತಿಲ್ಲ. ಅಕ್ಷರಪಟ್ಟಿಗೂ ತನ್ನ ಮಿತಿಯಿದೆ: ಹೆಸರಾಂತ ಕಂಪನಿಯ ಪೆಟ್ಟಿಗೆಯನ್ನೇ ನಕಲು ಮಾಡಿ, ಅದರ ಪರವಾನಗಿ ಸಂಖ್ಯೆಯನ್ನೂ ಯಥಾವತ್ತಾಗಿ ಅಚ್ಚುಹಾಕುವವರಿದ್ದಾರೆ. ನಕಲಿನಲ್ಲಿ ಸಾಮಾನ್ಯವಾಗಿ ಕಾಣುವ ಲೋಪಗಳೆಂದರೆ ಹೆಸರಿನ ಕಾಗುಣಿತದಲ್ಲಿ ಒಂದು ಅಕ್ಷರದ ವ್ಯತ್ಯಾಸ, ಒಳಗಿನ ಮತ್ತು ಹೊರಗಿನ ಬ್ಯಾಚ್ ಸಂಖ್ಯೆಗಳ ಅಮೇಳ, ಬೆರಳಿಂದ ಉಜ್ಜಿದರೆ ಅಳಿಸಿಹೋಗುವ ತಾರೀಖು, ಹಾಗೂ ಅಂಗಡಿಯ ಬೆಲೆಯ ಅರ್ಧಕ್ಕೂ ಕಡಿಮೆಯಾದ ದರ. ಓದು ಬಾರದ ಸದಸ್ಯೆಯರೂ ಇವುಗಳಲ್ಲಿ ಹೆಚ್ಚಿನವನ್ನು ಕಣ್ಣಿನಿಂದಲೇ ಹಿಡಿಯಬಲ್ಲರು. ಎರಡು ಕಡೆಯ ಅಂಕಿಗಳು ಒಂದೇ ಆಕಾರದವೋ ಅಲ್ಲವೋ ಎಂದು ನೋಡಲು ಇಂಗ್ಲಿಷು ಬೇಕಿಲ್ಲ.

ಅಕ್ಷರಪಟ್ಟಿಯೇ ಇಲ್ಲದ ಡಬ್ಬಿಗಳ ವಿಷಯ ಇನ್ನೂ ಶೋಚನೀಯ. ದೊಡ್ಡ ಡಬ್ಬಿಯಿಂದ ತೆಗೆದು ಸಣ್ಣ ಡಬ್ಬಿಗಳಿಗೆ ತುಂಬಿ 'ಪಾರ್ಲರ್ ಕ್ರೀಮು', 'ನೈಟ್ ಕ್ರೀಮು', 'ಹರ್ಬಲ್' ಎಂದು ಮಾರುವ ಪದಾರ್ಥಗಳಲ್ಲಿ ಪಾದರಸ ಇಲ್ಲದಿದ್ದರೆ ಸ್ಟೀರಾಯ್ಡ್ ಇರುವ ಸಂಭವ ಉಂಟು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬಿವು ಚರ್ಮರೋಗಕ್ಕೆ ವೈದ್ಯರು ಮಿತಕಾಲಕ್ಕೆ ಬರೆದುಕೊಡುವ ಔಷಧಗಳು; ಚೀಟಿಯಿಲ್ಲದೆ ಇಂತಹ ಮುಲಾಮುಗಳನ್ನು ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರವು ಬಿಗಿಮಾಡಿತು. ಇವುಗಳನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವಳ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದುಕಾಣುತ್ತವೆ, ಮೊಡವೆ ಮತ್ತು ರೋಮಗಳು ಹೆಚ್ಚುತ್ತವೆ, ಹಚ್ಚುವುದನ್ನು ಬಿಟ್ಟೊಡನೆ ಮುಖವು ಉರಿದು ಕೆಂಪೇರುತ್ತದೆ. ಆ ಉರಿಯನ್ನು ತಾಳಲಾರದೆ ಆಕೆ ಪುನಃ ಅದೇ ಡಬ್ಬಿಯನ್ನು ತರಿಸುತ್ತಾಳೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು ಎಂಬ ಕ್ರೀಮು ಮನೆಯಲ್ಲಿದ್ದರೆ ಅದನ್ನು ಚರ್ಮದ ವೈದ್ಯರಿಗೆ ತೋರಿಸಬೇಕು.

ಕೂದಲಬಣ್ಣದ ವಿಷಯದಲ್ಲಿ ಒಂದೇ ಮಾತು ಸಾಕು. ಚರ್ಮಕ್ಕೆ ಉರಿಯುಂಟಾಗಬಹುದು, ಮೊದಲು ಪರೀಕ್ಷೆ ಮಾಡಿಕೊಳ್ಳಬೇಕು, ಹುಬ್ಬು ರೆಪ್ಪೆಗಳಿಗೆ ಹಚ್ಚಿದರೆ ಕಣ್ಣು ಹೋದೀತು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಒಳಗೂ ಹೊರಗೂ ಮುದ್ರಿಸತಕ್ಕದ್ದೆಂದು ನಿಯಮವಿರುವುದರಿಂದ, ಆ ಎಚ್ಚರಿಕೆಯಿಲ್ಲದ 'ಕಪ್ಪು ಮೆಹಂದಿ'ಯ ಪೊಟ್ಟಣವನ್ನು ಹಿಂದಕ್ಕೆ ಕೊಡಿ. ಎಚ್ಚರಿಕೆಯುಳ್ಳದ್ದನ್ನು ಕೊಂಡರೂ ಕಲಸಿದ ಬಣ್ಣವನ್ನು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಇಪ್ಪತ್ತನಾಲ್ಕು ಗಂಟೆ ಕಾದು ನೋಡಿ, ತುರಿಕೆ ಕೆಂಪು ಇಲ್ಲದಿದ್ದರೆ ಮಾತ್ರ ತಲೆಗೆ ಹಚ್ಚಿಕೊಳ್ಳಿ, ಮತ್ತು ಈ ಪರೀಕ್ಷೆಯನ್ನು ಪ್ರತಿಸಲವೂ ಮಾಡಿ.

ಸಂಘದ ದೃಷ್ಟಿಯಿಂದ ವಿಶೇಷವಾಗಿ ಹೇಳಬೇಕಾದುದೊಂದಿದೆ. ಈ ವ್ಯಾಪಾರಿಗಳು ಸಂಘದ ಸಭೆಯ ದಿನವನ್ನು ನೋಡಿಕೊಂಡೇ ಬರುತ್ತಾರೆ. ಅಂದು ಹದಿನೈದಿಪ್ಪತ್ತು ಮಂದಿ ಒಂದೆಡೆ ಸಿಕ್ಕುತ್ತಾರೆ, ಕೈಯಲ್ಲಿ ಹಣವೂ ಇರುತ್ತದೆ. ವಾರಕ್ಕಿಷ್ಟು ಕಂತೆಂದು ಸರಕನ್ನು ಕೊಟ್ಟುಹೋಗುವುದು ಒಂದು ಕ್ರಮ. ಸದಸ್ಯೆಯರಲ್ಲೊಬ್ಬಳಿಗೆ ಡಬ್ಬಿಗಿಷ್ಟು ಲಾಭವೆಂದು ಆಸೆ ತೋರಿಸಿ ಅವಳಿಂದಲೇ ಮಾರಿಸುವುದು ಇನ್ನೊಂದು ಕ್ರಮ. ಎರಡನೆಯದರಲ್ಲಿ ಅಪಾಯ ಹೆಚ್ಚು. ಮಾರಿದವಳು ತಾನು ಅದನ್ನು ಯಾರಿಂದ ಪಡೆದೆನೆಂಬುದನ್ನು ಔಷಧ ಪರಿವೀಕ್ಷಕರು ಕೇಳಿದಾಗ ಹೆಸರು ವಿಳಾಸಗಳ ಸಹಿತ ತಿಳಿಸಬೇಕೆಂಬುದು ಕಾನೂನಿನ ವಿಧಿ. ಬಿಲ್ಲಿಲ್ಲದೆ ಸರಕು ಪಡೆದವಳು ಆಗ ಏನು ಹೇಳಿಯಾಳು? ತಂದುಕೊಟ್ಟವನು ಮಾಯವಾಗಿರುತ್ತಾನೆ, ನೆರೆಹೊರೆಯವರ ಮುಖದ ಮೇಲೆ ಬೊಬ್ಬೆಯೆದ್ದಾಗ ಉತ್ತರಿಸಬೇಕಾದವಳು ನಿಮ್ಮ ಸಂಘದ ಸಹೋದರಿಯೇ ಆಗುತ್ತಾಳೆ. ಆದಕಾರಣ ಬಿಲ್ಲು ಕೊಡದವರ ಸರಕನ್ನು ಸಂಘದ ಸಭೆಯಲ್ಲಿ ಬಿಚ್ಚಗೊಡುವುದಿಲ್ಲವೆಂದು ಒಂದು ಠರಾವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು; 'ಬೇಡ' ಎಂದು ಮುಖದ ಮೇಲೆ ಹೇಳಲು ಸಂಕೋಚಪಡುವವರಿಗೆ ಆ ಠರಾವೇ ಮಾತಾಡುತ್ತದೆ.

ಸಂದೇಹ ಬಂದ ಡಬ್ಬಿಯನ್ನು ಪರೀಕ್ಷೆ ಮಾಡಿಸುವುದಕ್ಕೆ ಸಾಮಾನ್ಯ ಪ್ರಜೆಗೂ ಅಧಿಕಾರವಿದೆಯೆಂಬುದು ಬಹುಮಂದಿಗೆ ತಿಳಿಯದು. 1940ರ ಅಧಿನಿಯಮದ 26ನೆಯ ಕಲಮಿನ ಮೇರೆಗೆ, ಕೊಂಡ ವ್ಯಕ್ತಿಯು ಗೊತ್ತಾದ ಶುಲ್ಕವನ್ನು ತೆತ್ತು ಔಷಧವನ್ನಾಗಲಿ ಸೌಂದರ್ಯವರ್ಧಕವನ್ನಾಗಲಿ ಸರ್ಕಾರಿ ವಿಶ್ಲೇಷಕರಿಗೆ ಒಪ್ಪಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಅದಕ್ಕೆ ದಾರಿ ತೋರಿಸತಕ್ಕವರು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಯವರು; ದೂರನ್ನು ಅಲ್ಲಿಯೇ ಕೊಡಬಹುದು. ಅಲ್ಲಿಗೆ ಹೋಗುವುದು ಕಷ್ಟವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಫೋನ್ ಮಾಡಬಹುದು.

ಈಗಾಗಲೇ ಇಂತಹ ಕ್ರೀಮನ್ನು ಬಳಸುತ್ತಿರುವವರು ನಮ್ಮ ಓದುಗರಲ್ಲಿಯೂ ಇರಬಹುದು. ಅವರು ಹಚ್ಚುವುದನ್ನು ಇಂದೇ ನಿಲ್ಲಿಸಿ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಇದು ಖರ್ಚಿನದೂ ಅಲ್ಲ, ನೋವಿನದೂ ಅಲ್ಲ. ಆದರೆ ಗಾಬರಿಯಿಂದ ಆ ಡಬ್ಬಿಯನ್ನು ತಿಪ್ಪೆಗೆಸೆಯಬೇಡಿ, ಒಲೆಗೆ ಹಾಕಿ ಸುಡಲೂ ಬೇಡಿ. ಸುಟ್ಟರೆ ಪಾದರಸವು ಆವಿಯಾಗಿ ಅಡುಗೆಮನೆಯನ್ನೇ ತುಂಬೀತು. ಮುಚ್ಚಳವನ್ನು ಬಿಗಿಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಕ್ಕಳ ಕೈಗೆಟುಕದಂತಿಟ್ಟು, ಆಸ್ಪತ್ರೆಗೆ ಹೋಗುವಾಗ ಅದನ್ನು ತಪ್ಪದೆ ಕೈಯಲ್ಲಿ ಹಿಡಿದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.